ಸ್ಲೀವ್ ಶಸ್ತ್ರಚಿಕಿತ್ಸೆಯ ನಂತರದ ಊಟ ಮತ್ತು ಮಾತ್ರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೊಜ್ಜಿಗಾಗಿ ಸ್ಲೀವ್ ಗ್ಯಾಸ್ಟ್ರೆಕ್ಟಮಿ ಮಾಡಿಸಿಕೊಂಡವರು ಮತ್ತು ಅವರಿಗಾಗಿ ಮನೆಯಲ್ಲಿ ಅಡುಗೆ ಮಾಡುವವರು ಆಹಾರ ತಜ್ಞರ ಎದುರು ಕುಳಿತಾಗ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ನಮ್ಮ ಮನೆಗಳ ಊಟವನ್ನು, ಅದರಲ್ಲೂ ಸಸ್ಯಾಹಾರಿಗಳ ಊಟವನ್ನು ಮನಸ್ಸಿನಲ್ಲಿಟ್ಟುಕೊಂಡು ಇವನ್ನು ಬರೆಯಲಾಗಿದೆ. ದಿನಗಳ ಲೆಕ್ಕ ಆಸ್ಪತ್ರೆಯಿಂದ ಆಸ್ಪತ್ರೆಗೆ ಸ್ವಲ್ಪ ಬೇರೆಯಾಗುತ್ತದೆ. ಹಾಗೆ ಬೇರೆಯಾದ ಕಡೆ ನಿಮ್ಮ ಶಸ್ತ್ರವೈದ್ಯರು ಬರೆದುಕೊಟ್ಟದ್ದನ್ನೇ ಅನುಸರಿಸಿ.

ಸ್ಲೀವ್‌ನಲ್ಲಿ ಕರುಳನ್ನು ಮುಟ್ಟುವುದೇ ಇಲ್ಲ ಎನ್ನುತ್ತಾರೆ. ಹಾಗಿದ್ದ ಮೇಲೆ ವಿಟಮಿನ್ ಕೊರತೆ ಏಕೆ ಬರುತ್ತದೆ?

ಈ ಪ್ರಶ್ನೆಯ ಹಿಂದೆ ಒಂದು ಅರ್ಧಸತ್ಯವಿದೆ, ಮತ್ತು ಮೂರನೆಯ ವರ್ಷದಲ್ಲಿ ಕಾಣುವ ಎಷ್ಟೋ ತೊಂದರೆಗಳಿಗೆ ಆ ಅರ್ಧಸತ್ಯವೇ ಮೂಲ. ಬೊಜ್ಜಿಗೆ ಮಾಡುವ ಇನ್ನೊಂದು ಶಸ್ತ್ರಚಿಕಿತ್ಸೆಯಾದ ಬೈಪಾಸ್‌ನಲ್ಲಿ ಆಹಾರವು ಕರುಳಿನ ಮೊದಲ ಭಾಗವನ್ನು ಬಿಟ್ಟು ಮುಂದೆ ಸಾಗುತ್ತದೆ. ಸ್ಲೀವ್‌ನಲ್ಲಿ ಹಾಗಾಗುವುದಿಲ್ಲ ಎಂಬುದು ನಿಜ. ಆದರೆ ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಪಾಲಿಗಿಂತ ತುಸು ಹೆಚ್ಚನ್ನು ಉದ್ದಕ್ಕೆ ಸೀಳಿ ತೆಗೆದುಹಾಕುತ್ತಾರೆ. ಉಳಿಯುವುದು ಬಾಳೆಹಣ್ಣಿನಂತೆ ಬಾಗಿದ, ಆರಂಭದಲ್ಲಿ ಸುಮಾರು 100ರಿಂದ 150 ಮಿಲಿಲೀಟರ್ ಹಿಡಿಯುವ ಒಂದು ಕೊಳವೆ. ತೆಗೆದುಹಾಕಿದ ಭಾಗ ಬರೀ ಚೀಲವಾಗಿರಲಿಲ್ಲ. ಹಸಿವನ್ನು ಎಬ್ಬಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ಹುಟ್ಟುತ್ತಿದ್ದುದು ಅದರ ಮೇಲ್ಭಾಗದಲ್ಲಿ. ಹಾಗಾಗಿಯೇ ಹಸಿವು ಕುಗ್ಗುತ್ತದೆ. ಆಮ್ಲವನ್ನೂ, ಬಿ12 ಹೀರಿಕೆಗೆ ಬೇಕಾದ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೋಟೀನನ್ನೂ ತಯಾರಿಸುವ ಜೀವಕೋಶಗಳ ದೊಡ್ಡ ಪಾಲು ಕೂಡ ಅಲ್ಲಿಯೇ ಇತ್ತು.

ಆಮ್ಲ ಕಡಿಮೆಯಾದಾಗ ಸೊಪ್ಪು ಮತ್ತು ಕಾಳುಗಳಲ್ಲಿರುವ ಕಬ್ಬಿಣ ಕರಗಿ ಹೀರಿಕೆಗೆ ಸಿಗುವುದು ಕಷ್ಟವಾಗುತ್ತದೆ, ಆಹಾರದಲ್ಲಿ ಬಿಗಿಯಾಗಿ ಅಂಟಿಕೊಂಡಿರುವ ಬಿ12 ಬಿಡಿಸಿಕೊಳ್ಳುವುದಿಲ್ಲ. ಇದರ ಮೇಲೆ ಮೂರು ಹೊತ್ತಿನ ಊಟ ಮೂರು ಸಣ್ಣ ಬಟ್ಟಲಿಗೆ ಇಳಿದಿರುತ್ತದೆ. ಅಷ್ಟರಲ್ಲಿ ಎಷ್ಟೇ ಒಳ್ಳೆಯ ಪದಾರ್ಥವಿದ್ದರೂ ದಿನದ ಅಗತ್ಯ ತುಂಬುವುದಿಲ್ಲ. ಇನ್ನೊಂದು ಸಂಗತಿಯೂ ಇದೆ: ದೇಹದ ತೂಕ ಹೆಚ್ಚಿರುವವರಲ್ಲಿ ವಿಟಮಿನ್ ಡಿ ಮತ್ತು ಕಬ್ಬಿಣ ಎಷ್ಟೋ ಸಲ ಶಸ್ತ್ರಚಿಕಿತ್ಸೆಗೆ ಮೊದಲೇ ಕಡಿಮೆ ಇರುತ್ತವೆ. ಹಾಗಾಗಿ ಶಸ್ತ್ರಚಿಕಿತ್ಸೆಗೆ ಮುನ್ನ ರಕ್ತ ಪರೀಕ್ಷೆ ಮಾಡಿಸಿ, ಕಡಿಮೆ ಇದ್ದದ್ದನ್ನು ತುಂಬಿಸಿಕೊಂಡೇ ಒಳಗೆ ಹೋಗುವುದು ಸರಿಯಾದ ಕ್ರಮ.

ಊಟವನ್ನು ಇಷ್ಟೊಂದು ಹಂತಗಳಲ್ಲಿ ಏಕೆ ಬದಲಾಯಿಸಬೇಕು? ಹಸಿವಿದ್ದರೆ ಬೇಗ ಮುಂದೆ ಹೋಗಬಹುದೇ?

ಹಂತಗಳಿರುವುದು ಹಸಿವಿನ ಲೆಕ್ಕದಲ್ಲಿ ಅಲ್ಲ, ಒಳಗಿನ ಗಾಯದ ಲೆಕ್ಕದಲ್ಲಿ. ಜಠರವನ್ನು ಕತ್ತರಿಸಿದ ಉದ್ದಕ್ಕೂ ಸ್ಟೇಪಲ್‌ಗಳ ಒಂದು ಸಾಲು ಇರುತ್ತದೆ. ಆ ಸಾಲು ಕೂಡಿಕೊಳ್ಳುವವರೆಗೆ ಗಟ್ಟಿ ತುತ್ತು ಒಳಗೆ ಸಿಕ್ಕಿಕೊಂಡು ಒತ್ತಡ ಹೆಚ್ಚಾಗಬಾರದು. ಸಾಲು ಎಲ್ಲಿಯಾದರೂ ಸೋರಿದರೆ, ಸಾಮಾನ್ಯವಾಗಿ ಅನ್ನನಾಳ ಸೇರುವ ಮೇಲ್ತುದಿಯ ಹತ್ತಿರ ಸೋರುತ್ತದೆ. ಮನೆಗೆ ಬಂದ ಮೇಲೆ ಜ್ವರ, ವಿಶ್ರಾಂತಿಯಲ್ಲಿದ್ದರೂ ನಿಮಿಷಕ್ಕೆ 120ರ ಆಸುಪಾಸಿನ ನಾಡಿ, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು ಅಥವಾ ಎಡ ಭುಜದ ನೋವು ಕಂಡರೆ ಅದು ಗ್ಯಾಸ್ ಇರಬಹುದೆಂದು ಮನೆಯಲ್ಲಿ ಕಾಯಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಎರಡನೆಯ ವಾರದಲ್ಲಿ "ಏನೂ ತೊಂದರೆ ಇಲ್ಲ, ಒಂದು ಇಡ್ಲಿ ತಿಂದೆ" ಎನ್ನುವವರು ಹಲವರಿದ್ದಾರೆ. ತೊಂದರೆಯಾಗದಿರುವುದು ಸಾಲು ಕೂಡಿಕೊಂಡಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಮೊದಲ ಎರಡು ವಾರ ಏನನ್ನು, ಎಷ್ಟು ಕುಡಿಯಬೇಕು?

ಮೊದಲ ಒಂದೆರಡು ದಿನ ತಿಳಿ ದ್ರವ ಮಾತ್ರ: ನೀರು, ಸೋಸಿದ ತಿಳಿಸಾರು, ನೀರಾದ ತರಕಾರಿ ಸೂಪು. ಆ ನಂತರ ಎರಡನೆಯ ವಾರದ ಕೊನೆಯವರೆಗೆ ಗಂಟಿಲ್ಲದ, ತುಸು ಮಂದವಾದ ದ್ರವಗಳನ್ನು ಸೇರಿಸಬಹುದು: ಕೆನೆ ತೆಗೆದ ಹಾಲು, ಮಜ್ಜಿಗೆ, ಸೋಸಿದ ರಾಗಿ ಅಂಬಲಿ, ಹಾಲಿನಲ್ಲಿ ಕರಗಿಸಿದ ಪ್ರೋಟೀನ್ ಪುಡಿ. ಸೋಡಾ ಬೇಡ, ಸಕ್ಕರೆ ಹಾಕಿದ ಜ್ಯೂಸ್ ಬೇಡ.

ಅಳತೆಯೇ ಇಲ್ಲಿ ಮುಖ್ಯ. ಸಿರಪ್ ಬಾಟಲಿಯ ಜೊತೆ ಬರುವ ಅಳತೆಯ ಮುಚ್ಚಳವನ್ನು 15 ಮಿಲಿಲೀಟರ್ ಗೆರೆಯವರೆಗೆ ಎರಡು ಸಲ ತುಂಬಿದರೆ 30 ಮಿಲಿಲೀಟರ್ ಆಗುತ್ತದೆ. ಕಾಲು ಗಂಟೆಗೊಮ್ಮೆ ಅಷ್ಟನ್ನು ಗುಟುಕು ಗುಟುಕಾಗಿ ಕುಡಿಯುತ್ತಾ ಹೋದರೆ ಗಂಟೆಗೆ 120, ಹನ್ನೆರಡು ಗಂಟೆಗಳಲ್ಲಿ ಸುಮಾರು 1.4 ಲೀಟರ್ ಒಳಗೆ ಹೋಗಿರುತ್ತದೆ. ಗುರಿ ಒಂದೂವರೆ ಲೀಟರಿನ ಹತ್ತಿರ ಇರುವುದರಿಂದ, ಬೆಳಗಿನಿಂದ ಮರೆತು ಸಂಜೆ ಒಟ್ಟಿಗೆ ಕುಡಿದು ಸರಿದೂಗಿಸಲು ಈ ಜಠರದಲ್ಲಿ ಸಾಧ್ಯವಿಲ್ಲ. ಮೂತ್ರ ಗಾಢ ಹಳದಿಯಾಗುವುದು, ಎದ್ದು ನಿಂತಾಗ ತಲೆ ಸುತ್ತುವುದು ದ್ರವ ಸಾಲುತ್ತಿಲ್ಲ ಎಂಬುದರ ಗುರುತು.

ಬೇಳೆಕಟ್ಟಿನ ಬಗ್ಗೆ ಒಂದು ಮಾತು. ಬಾಣಂತಿಗೂ ರೋಗಿಗೂ ಬೇಳೆ ಬೇಯಿಸಿದ ಕಟ್ಟು ಕೊಟ್ಟರೆ ಶಕ್ತಿ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ರುಚಿಗೆ ಅದು ಒಳ್ಳೆಯದೇ. ಆದರೆ ಪ್ರೋಟೀನು ಉಳಿಯುವುದು ತಳದ ಬೇಳೆಯಲ್ಲಿ, ಮೇಲಿನ ನೀರಿನಲ್ಲಿ ಅಲ್ಲ. ದಿನವಿಡೀ ಕಟ್ಟು ಕುಡಿದವರು ಪ್ರೋಟೀನು ತೆಗೆದುಕೊಂಡೆವೆಂದು ನಂಬಿರುತ್ತಾರೆ, ಸ್ನಾಯು ಮಾತ್ರ ಕರಗುತ್ತಿರುತ್ತದೆ.

ಮೂರನೆಯ ವಾರದಿಂದ ಏನು ತಿನ್ನಬಹುದು?

ಮೂರು ಮತ್ತು ನಾಲ್ಕನೆಯ ವಾರಗಳಲ್ಲಿ ಎಲ್ಲವೂ ಮಿಕ್ಸಿಯಲ್ಲಿ ನುಣ್ಣಗಾಗಿರಬೇಕು, ಚಮಚದಿಂದ ಜಾರುವಂತಿರಬೇಕು: ಗಟ್ಟಿಯಾಗಿ ಬೇಯಿಸಿ ಕಡೆದ ಹೆಸರುಬೇಳೆ ತೊವ್ವೆ, ಮೊಸರು, ರುಬ್ಬಿದ ಪನೀರ್, ಬೇಯಿಸಿ ಅರೆದ ಕುಂಬಳ ಅಥವಾ ಕ್ಯಾರೆಟ್. ಒಂದು ಹೊತ್ತಿಗೆ ಕಾಲು ಕಪ್ಪು ಸಾಕು. ಐದು ಮತ್ತು ಆರನೆಯ ವಾರಗಳಲ್ಲಿ ಬೆರಳಿನಿಂದ ಅಮುಕಿದರೆ ಪುಡಿಯಾಗುವ ಮೆತ್ತನೆಯ ಆಹಾರಕ್ಕೆ ಬರಬಹುದು: ಸಾಂಬಾರಿನಲ್ಲಿ ನೆನೆದ ಇಡ್ಲಿ, ನೆನೆಸಿದ ತೆಳು ಅವಲಕ್ಕಿ, ತಿನ್ನುವವರಿಗೆ ಬೇಯಿಸಿದ ಮೊಟ್ಟೆ ಮತ್ತು ಮೀನು. ಎರಡು ತಿಂಗಳ ಹೊತ್ತಿಗೆ ಹೆಚ್ಚಿನವರು ಮನೆಯ ಸಾಮಾನ್ಯ ಊಟಕ್ಕೆ, ಸಣ್ಣ ಪ್ರಮಾಣದಲ್ಲಿ, ಮರಳುತ್ತಾರೆ.

ಪ್ರತಿ ಹಂತದಲ್ಲೂ ಹೊಸ ಪದಾರ್ಥವನ್ನು ದಿನಕ್ಕೆ ಒಂದೇ ಒಂದರಂತೆ ಸೇರಿಸಿ. ಎರಡು ಮೂರನ್ನು ಒಟ್ಟಿಗೆ ತಿಂದು ವಾಂತಿಯಾದರೆ ಯಾವುದರಿಂದ ಆಯಿತೆಂದು ಹೇಳಲಾಗುವುದಿಲ್ಲ.

ಊಟದ ಜೊತೆ ನೀರು ಏಕೆ ಕುಡಿಯಬಾರದು?

ಜಾಗವಿಲ್ಲ. ನೀರು ಕುಡಿದರೆ ಊಟಕ್ಕೆ ಸ್ಥಳ ಉಳಿಯುವುದಿಲ್ಲ, ಎರಡೂ ಸೇರಿ ತುಂಬಿದರೆ ವಾಂತಿಯಾಗುತ್ತದೆ. ಊಟ ಮುಗಿದ ಅರ್ಧ ಗಂಟೆಯ ನಂತರ ಮತ್ತೆ ಗುಟುಕು ಶುರುಮಾಡಿ.

ಮುದ್ದೆ, ಅನ್ನ, ಚಪಾತಿ ಯಾವಾಗ?

ಹಳೇ ಮೈಸೂರು ಭಾಗದಿಂದ ಬಂದವರು ಮೊದಲು ಕೇಳುವ ಪ್ರಶ್ನೆಯಿದು. ಮುದ್ದೆಯಲ್ಲಿ ಕೆಟ್ಟದ್ದೇನೂ ಇಲ್ಲ. 100 ಗ್ರಾಂ ರಾಗಿ ಹಿಟ್ಟಿನಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆ. ತೊಡಕಿರುವುದು ತಿನ್ನುವ ರೀತಿಯಲ್ಲಿ. ಮುದ್ದೆಯನ್ನು ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಬೇಕೆಂದೇ ನಾವು ಚಿಕ್ಕಂದಿನಿಂದ ಕಲಿತಿರುತ್ತೇವೆ, ಅಗಿದರೆ ಹಿರಿಯರು ನಗುತ್ತಾರೆ. ಸ್ಲೀವ್ ಆದ ಜಠರದ ನಡುವೆ ಒಂದು ತಿರುವಿದೆ; ಕೊಳವೆ ಅತ್ಯಂತ ಕಿರಿದಾಗಿರುವುದು ಸಾಮಾನ್ಯವಾಗಿ ಅಲ್ಲಿಯೇ. ಅಗಿಯದೆ ನುಂಗಿದ ಅಂಟು ತುತ್ತು ಅಲ್ಲಿಗೆ ಬಂದು ನಿಂತಾಗ ಎದೆಯ ನಡುವೆ ಕಲ್ಲಿಟ್ಟಂತಾಗುತ್ತದೆ, ಬಾಯಿ ತುಂಬ ನೊರೆನೊರೆಯಾದ ಲಾಲಾರಸ ಬರುತ್ತದೆ, ತುತ್ತು ಹೊರಗೆ ಬರುವವರೆಗೆ ನೆಮ್ಮದಿಯಿಲ್ಲ.

ಮೊದಲ ಮೂರು ತಿಂಗಳು ರಾಗಿಯನ್ನು ಅಂಬಲಿಯಾಗಿ, ಆಮೇಲೆ ತೆಳು ದೋಸೆಯಾಗಿ ಅಥವಾ ರೊಟ್ಟಿಯ ಸಣ್ಣ ಚೂರಾಗಿ ಅಗಿದು ತಿನ್ನುವುದು ಕ್ಷೇಮ. ಮುದ್ದೆಯೇ ಬೇಕೆಂದರೆ ಆರನೆಯ ತಿಂಗಳ ನಂತರ ಕಡಲೆಯಷ್ಟು ಮುರಿದು, ನಾಚಿಕೆಯಿಲ್ಲದೆ ಅಗಿದು ತಿನ್ನಿ. ಅನ್ನವೂ ಚಪಾತಿಯೂ ಇದೇ ರೀತಿ ಉಂಡೆಗಟ್ಟುತ್ತವೆ. ಅನ್ನದ ವಿಷಯದಲ್ಲಿ ನನ್ನ ಆಕ್ಷೇಪ ಇನ್ನೊಂದಿದೆ: ನಾಲ್ಕು ಚಮಚ ಅನ್ನ ಮೊದಲು ಹೋದರೆ ತೊವ್ವೆಗೆ ಜಾಗ ಸಿಗುವುದಿಲ್ಲ. ಆದ್ದರಿಂದ ತಟ್ಟೆಯಲ್ಲಿ ತೊವ್ವೆ, ಪನೀರ್ ಅಥವಾ ಮೊಟ್ಟೆ ಮೊದಲು, ಪಲ್ಯ ಆಮೇಲೆ, ಜಾಗ ಉಳಿದರೆ ಮಾತ್ರ ಅನ್ನ.

ನಾನು ಸಸ್ಯಾಹಾರಿ. ದಿನಕ್ಕೆ 60 ಗ್ರಾಂ ಪ್ರೋಟೀನು ಹೇಗೆ ಸಾಧ್ಯ?

ಆಗುತ್ತದೆ, ಆದರೆ ಲೆಕ್ಕವಿಡದೆ ಆಗುವುದಿಲ್ಲ. ಮೂರನೆಯ ತಿಂಗಳಿನ ಒಂದು ದಿನವನ್ನು ನೋಡೋಣ. ಬೆಳಿಗ್ಗೆ 150 ಮಿಲಿಲೀಟರ್ ಹಾಲಿಗೆ ಒಂದು ಅಳತೆ ಪ್ರೋಟೀನ್ ಪುಡಿ ಹಾಕಿದರೆ ಸುಮಾರು 25 ಗ್ರಾಂ. ಹನ್ನೊಂದು ಗಂಟೆಗೆ 50 ಗ್ರಾಂ ಪನೀರ್, 9 ಗ್ರಾಂ. ಮಧ್ಯಾಹ್ನ 30 ಗ್ರಾಂ ಹೆಸರುಬೇಳೆಯ ಗಟ್ಟಿ ತೊವ್ವೆ ಮತ್ತು ಅರ್ಧ ಕಪ್ಪು ಮೊಸರು, ಎರಡೂ ಸೇರಿ 10 ಗ್ರಾಂ. ಸಂಜೆ 20 ಗ್ರಾಂ ಸೋಯಾ ಚಂಕ್ಸ್ ನೆನೆಸಿ ಹಿಂಡಿ ಸಣ್ಣಗೆ ಪುಡಿಮಾಡಿದ ಪಲ್ಯ, 10 ಗ್ರಾಂ. ರಾತ್ರಿ ಮಲಗುವ ಮುನ್ನ 150 ಮಿಲಿಲೀಟರ್ ಹಾಲು, 5 ಗ್ರಾಂ. ಒಟ್ಟು 59.

ಇದರಿಂದ ಪುಡಿಯನ್ನು ತೆಗೆದುಹಾಕಿದರೆ ಸುಮಾರು 40ಕ್ಕೆ ಬಂದು ನಿಲ್ಲುತ್ತದೆ. "ಪುಡಿ ಯಾಕೆ, ಮನೆ ಊಟವೇ ಸಾಕು" ಎನ್ನುವ ಹಿರಿಯರ ಮುಂದೆ ಈ ಲೆಕ್ಕವನ್ನೇ ಇಡಬೇಕಾಗುತ್ತದೆ. ವರ್ಷ ಕಳೆದು ಊಟದ ಪ್ರಮಾಣ ಹೆಚ್ಚಿದ ಮೇಲೆ ಪುಡಿಯನ್ನು ಬಿಡುವವರೂ ಇದ್ದಾರೆ. ಗಂಡಸರಿಗೆ ಗುರಿ ಸಾಮಾನ್ಯವಾಗಿ 80 ಗ್ರಾಮಿನ ಹತ್ತಿರ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಈ ಲೆಕ್ಕ ಹಿಡಿಯಬಾರದು.

ಪದೇ ಪದೇ ವಾಂತಿಯಾಗುತ್ತಿದೆ. ಸ್ಲೀವ್ ಆದವರಿಗೆ ಇದು ಸಹಜವೇ?

ಬೇಗ ತಿಂದಾಗ, ಒಂದು ತುತ್ತು ಹೆಚ್ಚಾದಾಗ ಅಪರೂಪಕ್ಕೆ ಒಮ್ಮೆ ವಾಂತಿಯಾಗುವುದುಂಟು. ಆದರೆ ದಿನವೂ ಆಗುವ ವಾಂತಿ ಸಹಜವಲ್ಲ. ಅದರ ಹಿಂದೆ ನಡುತಿರುವಿನ ಕಿರಿದಾಗುವಿಕೆಯೋ ಕೊಳವೆ ತಿರುಚಿಕೊಂಡಿರುವುದೋ ಇರಬಹುದು, ಅದನ್ನು ಎಂಡೋಸ್ಕೋಪಿಯಿಂದ ನೋಡಬೇಕಾಗುತ್ತದೆ. ಮೊದಲು ತುಸು ಗಟ್ಟಿಯಾದದ್ದು ಮಾತ್ರ ನಿಲ್ಲದೆ, ಆಮೇಲೆ ಗಂಜಿಯೂ, ಕೊನೆಗೆ ನೀರೂ ನಿಲ್ಲದೆ ಹೋಗುವುದು ಕಿರಿದಾಗುವಿಕೆಯ ಸಾಮಾನ್ಯ ರೂಪ.

ಈ ಪುಟದಲ್ಲಿ ಒಂದೇ ಉತ್ತರವನ್ನು ಓದಲು ಸಮಯವಿದ್ದರೆ ಇದನ್ನೇ ಓದಿ ಎನ್ನುತ್ತೇನೆ, ಏಕೆಂದರೆ ವಾಂತಿಯ ಬೆನ್ನಿಗೆ ಬರುವ ಥಯಾಮಿನ್ ಕೊರತೆಗೆ ಕಾಯುವಷ್ಟು ಕಾಲಾವಕಾಶವಿಲ್ಲ. ಥಯಾಮಿನ್ ಎಂದರೆ ವಿಟಮಿನ್ ಬಿ1. ದೇಹದಲ್ಲಿ ಅದರ ಸಂಗ್ರಹ ಕೇವಲ 30 ಮಿಲಿಗ್ರಾಂನಷ್ಟು. ಒಳಗೆ ಏನೂ ಹೋಗದಿದ್ದರೆ ಎರಡು ಮೂರು ವಾರಗಳಲ್ಲಿ ಮುಗಿಯುತ್ತದೆ. ಬಿ12 ಕೊರತೆ ಬರಲು ವರ್ಷಗಳು ಹಿಡಿದರೆ ಇದು ಮೊದಲ ಮೂರು ತಿಂಗಳಲ್ಲೇ ಬರಬಹುದು. ಸಕ್ಕರೆಯಿಂದ ಶಕ್ತಿ ತೆಗೆಯಲು ಮೆದುಳಿಗೆ ಥಯಾಮಿನ್ ಬೇಕು, ಅದು ಮುಗಿದಾಗ ಮೊದಲು ಕೆಡುವುದು ಕಣ್ಣಿನ ಚಲನೆ, ನಡಿಗೆಯ ಸಮತೋಲ ಮತ್ತು ನೆನಪನ್ನು ನಿಯಂತ್ರಿಸುವ ಭಾಗಗಳು. ವೈದ್ಯರು ಇದನ್ನು ವೆರ್ನಿಕೆ ಎನ್ಸೆಫಲೋಪತಿ ಎನ್ನುತ್ತಾರೆ.

ಮನೆಯವರಿಗೆ ಕಾಣುವುದು ಹೀಗೆ: ಕಾಲು ಅಗಲಿಸಿ ತೂರಾಡುತ್ತಾ ನಡೆಯುತ್ತಾರೆ, ಒಂದು ವಸ್ತು ಎರಡಾಗಿ ಕಾಣುತ್ತದೆ ಎನ್ನುತ್ತಾರೆ, ಕಣ್ಣಿನ ಗುಡ್ಡೆ ಪಕ್ಕಕ್ಕೆ ಹೊರಳಿಸಿದಾಗ ಅದುರುತ್ತದೆ, ಬೆಳಿಗ್ಗೆ ಹೇಳಿದ್ದನ್ನು ಮಧ್ಯಾಹ್ನ ಮರೆಯುತ್ತಾರೆ, ಮಾತು ಮಂಕಾಗುತ್ತದೆ. ಈ ಎಲ್ಲವೂ ಒಟ್ಟಿಗೆ ಇರಬೇಕೆಂದಿಲ್ಲ, ಒಂದೇ ಇದ್ದರೂ ಸಾಕು. ನಿಶ್ಶಕ್ತಿ ಎಂದು ಮಲಗಿಸಿಬಿಟ್ಟರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹತ್ತಿರದ ನರ್ಸಿಂಗ್ ಹೋಮಿಗೆ ಕರೆದೊಯ್ದರೆ ಸುಸ್ತಾದವರಿಗೆ ಮೊದಲು ಏರಿಸುವುದು ಗ್ಲೂಕೋಸ್ ಡ್ರಿಪ್. ಥಯಾಮಿನ್ ಖಾಲಿಯಾಗಿರುವ ದೇಹಕ್ಕೆ ಗ್ಲೂಕೋಸ್ ಮಾತ್ರ ಹೋದರೆ ಉಳಿದಿದ್ದ ಚೂರು ಥಯಾಮಿನ್ನೂ ಅದನ್ನು ಉರಿಸಲು ಖರ್ಚಾಗಿ ಮೆದುಳಿನ ಹಾನಿ ಹೆಚ್ಚಾಗಬಹುದು. ಆದ್ದರಿಂದ "ಇವರಿಗೆ ಸ್ಲೀವ್ ಶಸ್ತ್ರಚಿಕಿತ್ಸೆ ಆಗಿದೆ, ಇಷ್ಟು ದಿನದಿಂದ ವಾಂತಿ ಇದೆ, ಗ್ಲೂಕೋಸಿಗೆ ಮೊದಲು ಥಯಾಮಿನ್ ಕೊಡಿ" ಎಂದು ಜೊತೆಗಿರುವವರು ಕರ್ತವ್ಯದಲ್ಲಿರುವ ವೈದ್ಯರಿಗೆ ನೇರವಾಗಿ ಹೇಳಬೇಕು. ರಕ್ತದ ಸಕ್ಕರೆ ಅಪಾಯಕಾರಿಯಾಗಿ ಇಳಿದಿದ್ದರೆ ಗ್ಲೂಕೋಸನ್ನು ತಡೆಯುವಂತಿಲ್ಲ. ಆಗ ಎರಡನ್ನೂ ಜೊತೆಯಲ್ಲೇ ಕೊಡುತ್ತಾರೆ. ನರದ ಲಕ್ಷಣಗಳಿದ್ದಾಗ ಪರೀಕ್ಷೆಯ ಫಲಿತಾಂಶಕ್ಕೂ ಕಾಯುವುದಿಲ್ಲ. 200ರಿಂದ 500 ಮಿಲಿಗ್ರಾಂನಷ್ಟು ಥಯಾಮಿನ್ನನ್ನು ದಿನಕ್ಕೆ ಹಲವು ಬಾರಿ ರಕ್ತನಾಳದ ಮೂಲಕವೇ ಕೊಡುತ್ತಾರೆ, ಏಕೆಂದರೆ ವಾಂತಿಯಾಗುವವರಿಗೆ ಮಾತ್ರೆ ನಿಲ್ಲುವುದಿಲ್ಲ. ಮೆಗ್ನೀಸಿಯಂ ಕಡಿಮೆಯಿದ್ದರೆ ಥಯಾಮಿನ್ ಕೆಲಸ ಮಾಡುವುದಿಲ್ಲ, ಅದನ್ನೂ ನೋಡಬೇಕು.

ಮೆಡಿಕಲ್ ಶಾಪಿನಲ್ಲಿ ಸಿಗುವ ಸಾಮಾನ್ಯ ಮಲ್ಟಿವಿಟಮಿನ್ ಸಾಲದೇ?

ಹೆಚ್ಚಿನವು ಸಾಲುವುದಿಲ್ಲ. ಡಬ್ಬಿಯ ಹಿಂಭಾಗ ಓದಿ: ಸಾಮಾನ್ಯ ಮಾತ್ರೆಗಳು ಆರೋಗ್ಯವಂತರ ದಿನದ ಅಗತ್ಯಕ್ಕೆ ತಕ್ಕಂತೆ ಒಂದೆರಡು ಮೈಕ್ರೋಗ್ರಾಂ ಬಿ12, ಒಂದೆರಡು ಮಿಲಿಗ್ರಾಂ ಥಯಾಮಿನ್ ಹಾಕಿರುತ್ತವೆ. ಸ್ಲೀವ್ ಆದವರಿಗೆ ಥಯಾಮಿನ್ ಕನಿಷ್ಠ 12 ಮಿಲಿಗ್ರಾಂ ಬೇಕು. ಬಿ12ರ ಮಾತು ಮುಂದಿನ ಉತ್ತರದಲ್ಲಿದೆ. ಮೊದಲ ತಿಂಗಳು ಅಗಿಯುವ ಅಥವಾ ದ್ರವ ರೂಪದ್ದು ಒಳ್ಳೆಯದು. ಜೆಲ್ಲಿಯಂತಹ ಗಮ್ಮಿಗಳಲ್ಲಿ ಸಾಮಾನ್ಯವಾಗಿ ಕಬ್ಬಿಣವೇ ಇರುವುದಿಲ್ಲ.

ಬಿ12 ಹೀರಿಕೆಯೇ ಕಡಿಮೆ ಎಂದ ಮೇಲೆ ಮಾತ್ರೆ ನುಂಗಿ ಏನು ಪ್ರಯೋಜನ?

ನ್ಯಾಯವಾದ ಪ್ರಶ್ನೆ. ಇಂಟ್ರಿನ್ಸಿಕ್ ಫ್ಯಾಕ್ಟರ್ ಇಲ್ಲದೆಯೂ ಸುಮ್ಮನೆ ಕರುಳಿನ ಗೋಡೆಯ ಮೂಲಕ ಒಂದಿಷ್ಟು ಬಿ12 ಒಳಗೆ ಸೇರುತ್ತದೆ. ನುಂಗಿದ್ದರಲ್ಲಿ ಅದು ಸುಮಾರು ನೂರಕ್ಕೆ ಒಂದರಷ್ಟು. 1000 ಮೈಕ್ರೋಗ್ರಾಂ ಮಾತ್ರೆಯಿಂದ ಹೀಗೆ 10 ಮೈಕ್ರೋಗ್ರಾಂ ಸಿಗುತ್ತದೆ, ದೇಹದ ದಿನದ ಅಗತ್ಯ 2ರಿಂದ 3. ಹಾಗಾಗಿ ದಿನಕ್ಕೆ 350ರಿಂದ 1000 ಮೈಕ್ರೋಗ್ರಾಂ ಮಾತ್ರೆ ಅಥವಾ ತಿಂಗಳಿಗೊಮ್ಮೆ 1000 ಮೈಕ್ರೋಗ್ರಾಂ ಚುಚ್ಚುಮದ್ದು, ಎರಡೂ ನಡೆಯುತ್ತವೆ. ಮಾತ್ರೆ ಮರೆಯುವ ಅಭ್ಯಾಸವಿರುವವರಿಗೆ ಚುಚ್ಚುಮದ್ದೇ ಲೇಸೆಂದು ನನ್ನ ಅಭಿಪ್ರಾಯ.

ಬಿ12ರ ಮೋಸವಿರುವುದು ಅದರ ಸಂಗ್ರಹದಲ್ಲಿ. ಯಕೃತ್ತಿನಲ್ಲಿ ಕೆಲವು ವರ್ಷಗಳಿಗೆ ಆಗುವಷ್ಟು ಇರುತ್ತದೆ, ಆದ್ದರಿಂದ ಮಾತ್ರೆ ನಿಲ್ಲಿಸಿದ ಮರುತಿಂಗಳು ಏನೂ ಆಗುವುದಿಲ್ಲ. ಇದನ್ನು ಕಂಡು "ನನಗೆ ಮಾತ್ರೆಯ ಅಗತ್ಯವಿಲ್ಲ" ಎಂಬ ತೀರ್ಮಾನಕ್ಕೆ ಬರುತ್ತಾರೆ. ಸಸ್ಯಾಹಾರಿಗಳಿಗೆ ಬಿ12 ಬರುವುದು ಹಾಲು ಮೊಸರಿನಿಂದ ಮಾತ್ರ, ಹಾಗಾಗಿ ಅವರ ಸಂಗ್ರಹ ಮೊದಲೇ ಚಿಕ್ಕದು. ಮಧುಮೇಹಕ್ಕೆ ಮೆಟ್‌ಫಾರ್ಮಿನ್, ಎದೆಯುರಿಗೆ ಪ್ಯಾಂಟಪ್ರಜೋಲ್‌ನಂತಹ ಆಮ್ಲ ತಗ್ಗಿಸುವ ಮಾತ್ರೆ ನುಂಗುವವರಲ್ಲಿ ಅದು ಇನ್ನೂ ಬೇಗ ಕರಗುತ್ತದೆ. ಸ್ಲೀವ್ ನಂತರ ಎದೆಯುರಿ ಸಾಮಾನ್ಯವಾದ್ದರಿಂದ ಈ ಮಾತ್ರೆ ವರ್ಷಗಟ್ಟಲೆ ಮುಂದುವರಿಯುವುದುಂಟು; ಅದು ಇನ್ನೂ ಬೇಕೇ ಎಂದು ಪ್ರತಿ ಭೇಟಿಯಲ್ಲೂ ಕೇಳಿ.

ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ನುಂಗಬಹುದೇ?

ಬೇಡ, ಕ್ಯಾಲ್ಸಿಯಂ ಕಬ್ಬಿಣವನ್ನು ತಡೆಯುತ್ತದೆ. ಎರಡರ ನಡುವೆ ಕನಿಷ್ಠ ಎರಡು ಗಂಟೆ ಇರಲಿ. ಮುಟ್ಟಾಗುವ ಹೆಂಗಸರಿಗೆ ದಿನಕ್ಕೆ 45ರಿಂದ 60 ಮಿಲಿಗ್ರಾಂ ಕಬ್ಬಿಣ ಬೇಕಾಗುತ್ತದೆ. ಮಾತ್ರೆಯ ಮೇಲೆ ಬರೆದಿರುವ ಲವಣದ ತೂಕವಲ್ಲ, ಅದರೊಳಗಿನ ಶುದ್ಧ ಕಬ್ಬಿಣದ ತೂಕ ಇದು. ಒಂದು ನೆಲ್ಲಿಕಾಯಿ ಅಥವಾ ಅರ್ಧ ನಿಂಬೆಯ ರಸದ ಜೊತೆ ನುಂಗಿದರೆ ಹೀರಿಕೆ ಹೆಚ್ಚುತ್ತದೆ. ಊಟವಾದ ಕೂಡಲೇ ಕುಡಿಯುವ ಫಿಲ್ಟರ್ ಕಾಫಿ ಮತ್ತು ಟೀ ಅದನ್ನು ತಗ್ಗಿಸುತ್ತವೆ. ಒಂದು ಗಂಟೆಯಾದರೂ ತಡೆಯಿರಿ.

ಕ್ಯಾಲ್ಸಿಯಂ ಆಹಾರವೂ ಸೇರಿ ದಿನಕ್ಕೆ 1200ರಿಂದ 1500 ಮಿಲಿಗ್ರಾಂ ಆಗಬೇಕು. ದೇಹ ಒಂದು ಬಾರಿಗೆ 500-600ಕ್ಕಿಂತ ಹೆಚ್ಚನ್ನು ಸರಿಯಾಗಿ ಹೀರುವುದಿಲ್ಲ, ಹಾಗಾಗಿ ಮಾತ್ರೆಯನ್ನು ಎರಡು ಹೊತ್ತಿಗೆ ಹಂಚಿ. ಅಗ್ಗವಾಗಿ ಸಿಗುವ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಲು ಆಮ್ಲ ಬೇಕು. ಆಮ್ಲ ಕಡಿಮೆಯಾದ ಜಠರಕ್ಕೆ ಸಿಟ್ರೇಟ್ ಹೊಂದುತ್ತದೆ. ಕಾರ್ಬೊನೇಟೇ ಇದ್ದರೆ ಊಟದ ಜೊತೆ ನುಂಗಿ.

ಎಲ್ಲ ಕೊರತೆಗಳೂ ಸೇರಿ ಬಂದಾಗ ಹೇಗಿರುತ್ತದೆ?

ಒಬ್ಬರದ್ದಲ್ಲ, ಹಲವರಲ್ಲಿ ಕಂಡದ್ದನ್ನು ಸೇರಿಸಿ ಕಟ್ಟಿದ ಉದಾಹರಣೆಯೊಂದನ್ನು ನೋಡೋಣ. 41 ವರ್ಷದ ಸಸ್ಯಾಹಾರಿ ಶಿಕ್ಷಕಿ. 108 ಕಿಲೋ ಇದ್ದವರು ಸ್ಲೀವ್ ಆದ ಹದಿನಾಲ್ಕು ತಿಂಗಳಲ್ಲಿ 71ಕ್ಕೆ ಇಳಿದರು. ಒಂದು ವರ್ಷದ ಪರೀಕ್ಷೆಯಲ್ಲಿ ಎಲ್ಲವೂ ಸರಿಯಿತ್ತು. ಅದು ಮಾತ್ರೆಯಿಂದಲೇ ಸರಿಯಿತ್ತೆಂದು ಹೊಳೆಯದೆ, ಸರಿಯಿದೆ ಎಂಬ ಕಾರಣಕ್ಕೆ ಮಾತ್ರೆ ನಿಲ್ಲಿಸಿದರು. ಎದೆಯುರಿಯ ಮಾತ್ರೆ ಮಾತ್ರ ನಡೆದಿತ್ತು. ಮೂರನೆಯ ವರ್ಷದಲ್ಲಿ ಎರಡನೆಯ ಮಹಡಿಯ ತರಗತಿಗೆ ಹತ್ತುವಾಗ ನಡುವೆ ನಿಲ್ಲಬೇಕಾಯಿತು. ರಾತ್ರಿ ಪಾದಗಳಲ್ಲಿ ಜೋಮು. ಅಕ್ಕಿ ಆರಿಸುವಾಗ ಹಿಡಿ ಹಿಡಿ ಹಸಿ ಅಕ್ಕಿ ಬಾಯಿಗೆ ಹಾಕಿಕೊಳ್ಳುವ ಚಪಲ. ಕೇಳದೆ ಯಾರೂ ಹೇಳಿಕೊಳ್ಳದ ಈ ಚಪಲ ಕಬ್ಬಿಣದ ಕೊರತೆಯ ಒಳ್ಳೆಯ ಸುಳಿವು.

ಹಿಮೋಗ್ಲೋಬಿನ್ 8.9 ಬಂತು. ಆದರೆ ಕೆಂಪು ರಕ್ತಕಣಗಳ ಸರಾಸರಿ ಗಾತ್ರ 84, ಅಂದರೆ ಮಾಮೂಲು. ಕಬ್ಬಿಣ ಕಡಿಮೆಯಾದರೆ ಕಣ ಸಣ್ಣದಾಗಬೇಕು, ಬಿ12 ಕಡಿಮೆಯಾದರೆ ದೊಡ್ಡದಾಗಬೇಕು. ಎರಡೂ ಒಟ್ಟಿಗೆ ಕಡಿಮೆಯಾದಾಗ ಸರಾಸರಿ ನಡುವೆ ಬಂದು ನಿಂತು ಕಣ್ಣು ತಪ್ಪಿಸುತ್ತದೆ. ಕಬ್ಬಿಣದ ಸಂಗ್ರಹವನ್ನು ತೋರಿಸುವ ಫೆರಿಟಿನ್ 5, ಬಿ12 132, ವಿಟಮಿನ್ ಡಿ 12, ಮೂರೂ ಕಡಿಮೆ. ರಕ್ತದ ಕ್ಯಾಲ್ಸಿಯಂ 9.0 ಇದ್ದು ಸರಿಯಾಗಿ ಕಂಡಿತು, ಪ್ಯಾರಾಥೈರಾಯ್ಡ್ ಹಾರ್ಮೋನು ಮಾತ್ರ ಏರಿತ್ತು. ರಕ್ತದ ಕ್ಯಾಲ್ಸಿಯಂ ಇಳಿಯದಂತೆ ಆ ಹಾರ್ಮೋನು ಮೂಳೆಯಿಂದ ಎತ್ತಿ ತುಂಬುತ್ತಿತ್ತು. ಕ್ಯಾಲ್ಸಿಯಂ ಸರಿಯಿದೆ ಎಂಬ ಒಂದೇ ಸಾಲನ್ನು ನಂಬಿದ್ದರೆ ಮೂಳೆ ಸವೆಯುವುದು ಗೊತ್ತಾಗುತ್ತಿರಲಿಲ್ಲ.

ಬಿ12 ಚುಚ್ಚುಮದ್ದನ್ನು ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಮ್ಮೆ, ಕೊನೆಗೆ ತಿಂಗಳಿಗೊಮ್ಮೆ ಕೊಡಲಾಯಿತು. ಕಬ್ಬಿಣವನ್ನು ಡ್ರಿಪ್ ಮೂಲಕ, ವಿಟಮಿನ್ ಡಿಯನ್ನು ಎಂಟು ವಾರ ವಾರಕ್ಕೊಂದು 60,000 ಯೂನಿಟ್‌ನಂತೆ, ಜೊತೆಗೆ ಕ್ಯಾಲ್ಸಿಯಂ ಸಿಟ್ರೇಟ್. ಮೂರನೆಯ ತಿಂಗಳಿಗೆ ಹಿಮೋಗ್ಲೋಬಿನ್ 12 ದಾಟಿತು, ಅಕ್ಕಿಯ ಚಪಲ ಅದಕ್ಕೂ ಮೊದಲೇ ಹೋಯಿತು. ಜೋಮು ಆರು ತಿಂಗಳಲ್ಲಿ ಬಹುಪಾಲು ಇಳಿದರೂ ಎಡಗಾಲಿನ ಬೆರಳ ತುದಿಯಲ್ಲಿ ಉಳಿಯಿತು. ರಕ್ತ ಮರಳಿದಷ್ಟು ಸಲೀಸಾಗಿ ನರ ಮರಳುವುದಿಲ್ಲ.

ಯಾವ ಪರೀಕ್ಷೆ, ಯಾವಾಗ?

ಮೊದಲ ವರ್ಷ ಮೂರು, ಆರು ಮತ್ತು ಹನ್ನೆರಡನೆಯ ತಿಂಗಳು. ಆಮೇಲೆ ಪ್ರತಿ ವರ್ಷ, ಜೀವನಪರ್ಯಂತ. ರಕ್ತಕಣಗಳ ಪೂರ್ಣ ಎಣಿಕೆ, ಫೆರಿಟಿನ್, ಬಿ12, ಫೋಲೇಟ್, ವಿಟಮಿನ್ ಡಿ, ಕ್ಯಾಲ್ಸಿಯಂ ಮತ್ತು ಪ್ಯಾರಾಥೈರಾಯ್ಡ್ ಹಾರ್ಮೋನು ಇದರಲ್ಲಿ ಸೇರಿರಲಿ. ಜ್ವರ ಅಥವಾ ಸೋಂಕಿದ್ದಾಗ ಫೆರಿಟಿನ್ ಸುಳ್ಳಾಗಿ ಏರುತ್ತದೆ, ಗುಣವಾದ ಮೇಲೆ ಮಾಡಿಸಿ.

ನಾಲ್ಕನೆಯ ತಿಂಗಳಿನಿಂದ ಕೂದಲು ಗೊಂಚಲು ಗೊಂಚಲಾಗಿ ಉದುರುತ್ತಿದೆ. ಸತುವಿನ ಮಾತ್ರೆ ಹೆಚ್ಚು ನುಂಗಲೇ?

ಮೂರರಿಂದ ಆರನೆಯ ತಿಂಗಳ ನಡುವಿನ ಉದುರುವಿಕೆ ಹೆಚ್ಚಾಗಿ ಶಸ್ತ್ರಚಿಕಿತ್ಸೆ ಮತ್ತು ವೇಗದ ತೂಕ ಇಳಿತಕ್ಕೆ ದೇಹ ತೋರುವ ಪ್ರತಿಕ್ರಿಯೆ, ಕೆಲವು ತಿಂಗಳಲ್ಲಿ ನಿಂತು ಮತ್ತೆ ಬೆಳೆಯುತ್ತದೆ. ವರ್ಷ ದಾಟಿಯೂ ಮುಂದುವರಿದರೆ ಪ್ರೋಟೀನು, ಕಬ್ಬಿಣ ಮತ್ತು ಸತುವನ್ನು ಪರೀಕ್ಷಿಸಬೇಕು. ನೀವಾಗಿಯೇ ಸತುವನ್ನು ಹೆಚ್ಚು ನುಂಗಬೇಡಿ. ಅದು ತಾಮ್ರದ ಹೀರಿಕೆಯನ್ನು ತಡೆಯುತ್ತದೆ, ತಾಮ್ರದ ಕೊರತೆ ಬಿ12 ಕೊರತೆಯಂತೆಯೇ ನಡಿಗೆಯನ್ನು ಕೆಡಿಸುತ್ತದೆ.

60,000 ಯೂನಿಟ್ ವಿಟಮಿನ್ ಡಿಯನ್ನು ದಿನವೂ ತೆಗೆದುಕೊಂಡರೆ ಬೇಗ ಸರಿಯಾಗುವುದೇ?

ಖಂಡಿತ ಬೇಡ. ಅದು ವಾರಕ್ಕೊಮ್ಮೆಯ ಪ್ರಮಾಣ. ದಿನವೂ ತೆಗೆದುಕೊಂಡರೆ ಕೆಲವೇ ವಾರಗಳಲ್ಲಿ ರಕ್ತದ ಕ್ಯಾಲ್ಸಿಯಂ ಮಿತಿಮೀರಿ ವಾಂತಿ, ಮಲಬದ್ಧತೆ, ಗೊಂದಲ ಮತ್ತು ಮೂತ್ರಪಿಂಡದ ಹಾನಿಯಾಗಬಹುದು. ಚೀಟಿಯಲ್ಲಿ ವಾರವೆಂದು ಬರೆದಿದೆಯೇ ಎಂದು ಓದಿಕೊಂಡು, ಭಾನುವಾರದಂತಹ ಒಂದು ದಿನವನ್ನು ಗೊತ್ತು ಮಾಡಿಕೊಳ್ಳಿ.

ಗರ್ಭ ಧರಿಸುವ ಯೋಚನೆಯಿದೆ. ಎಷ್ಟು ಕಾಯಬೇಕು?

ಹನ್ನೆರಡರಿಂದ ಹದಿನೆಂಟು ತಿಂಗಳು, ಅಂದರೆ ತೂಕ ಒಂದು ಕಡೆ ನಿಲ್ಲುವವರೆಗೆ. ತೂಕ ಇಳಿದಂತೆ ಅಂಡೋತ್ಪತ್ತಿ ಮರಳುವುದರಿಂದ ವರ್ಷಗಳಿಂದ ಮಕ್ಕಳಾಗದಿದ್ದವರೂ ಎಣಿಸದೆ ಗರ್ಭಿಣಿಯಾಗುತ್ತಾರೆ, ಆದ್ದರಿಂದ ಆ ಅವಧಿಯಲ್ಲಿ ಗರ್ಭನಿರೋಧಕ ಬೇಕು. ಫೋಲೇಟ್ ದಿನಕ್ಕೆ 800ರಿಂದ 1000 ಮೈಕ್ರೋಗ್ರಾಂ ಇರಲಿ. ಗರ್ಭ ನಿಂತ ಮೇಲೆ ಪರೀಕ್ಷೆಗಳನ್ನು ಪ್ರತಿ ಮೂರು ತಿಂಗಳಿಗೊಮ್ಮೆ ಮಾಡಿಸಬೇಕು.

ಶಸ್ತ್ರಚಿಕಿತ್ಸೆಯಾಗಿ ಐದು ವರ್ಷ ಕಳೆದಿದೆ, ಮೂರು ವರ್ಷದಿಂದ ಒಂದೂ ಮಾತ್ರೆ ನುಂಗಿಲ್ಲ. ಈಗ ಶುರುಮಾಡಿದರೆ ಆದೀತೇ?

ಆದೀತು, ಆದರೆ ಮೊದಲು ರಕ್ತ ಕೊಟ್ಟು ಆಮೇಲೆ ಮಾತ್ರೆ ಶುರುಮಾಡಿ, ಇಲ್ಲವಾದರೆ ಸಂಖ್ಯೆಗಳು ಮುಚ್ಚಿಹೋಗುತ್ತವೆ. ಅದರಲ್ಲೂ ಫೋಲೇಟ್‌ನ ಮಾತ್ರೆ ರೂಪವಾದ ಫೋಲಿಕ್ ಆಸಿಡನ್ನು ಬಿ12 ನೋಡದೆ ಒಂಟಿಯಾಗಿ ನುಂಗಬೇಡಿ. ಬಿ12 ಕೊರತೆಯಿಂದ ಬಂದ ರಕ್ತಹೀನತೆಯನ್ನು ಫೋಲೇಟ್ ಸರಿಪಡಿಸಿಬಿಡುತ್ತದೆ, ಹಿಮೋಗ್ಲೋಬಿನ್ ಏರುತ್ತದೆ, ಸುಸ್ತು ಹೋಗುತ್ತದೆ. ನರಗಳ ಹಾನಿ ಮಾತ್ರ ಕೆಳಗೆ ನಡೆಯುತ್ತಲೇ ಇರುತ್ತದೆ. ಈಗಾಗಲೇ ಪಾದದಲ್ಲಿ ಜೋಮು, ಕತ್ತಲಲ್ಲಿ ಅಥವಾ ಮುಖ ತೊಳೆಯಲು ಕಣ್ಣು ಮುಚ್ಚಿದಾಗ ತೂರಾಡುವಿಕೆ ಇದ್ದರೆ ಮುಂದಿನ ತಿಂಗಳ ಭೇಟಿಗೆ ಕಾಯದೆ ಈ ವಾರವೇ ವೈದ್ಯರನ್ನು ಕಾಣಿ, ಮತ್ತು ಸ್ಲೀವ್ ಆದ ವರ್ಷವನ್ನೂ ಮಾತ್ರೆ ನಿಲ್ಲಿಸಿದ ವರ್ಷವನ್ನೂ ಮೊದಲ ಮಾತಿನಲ್ಲೇ ಹೇಳಿ.